ಸೋಯಾ ಪನೀರ್, ಗಟ್ಟಿ ತೋಫು, ಸಿಲ್ಕನ್ ತೋಫು: ವ್ಯತ್ಯಾಸ ನೀರಿನದು

ಪ್ರಶ್ನೆ: ಕಲಬುರಗಿಯಲ್ಲಿ ನಮಗೆ ಸಿಗೋದು ಸೋಯಾ ಪನೀರ್. ಗಟ್ಟಿ ತೋಫು, ಸಿಲ್ಕನ್ ತೋಫುಗಿಂತ ಇದರಲ್ಲಿ ಪ್ರೋಟೀನ್ ಕಡಿಮೆಯಾ?

ಸೋಯಾ ಪನೀರ್ ಅಂದರೆ ಬಹುತೇಕ ಗಟ್ಟಿ ತೋಫುವೇ, ಹೆಸರಷ್ಟೇ ಬೇರೆ. 100 ಗ್ರಾಂನಲ್ಲಿ ಸುಮಾರು 10ರಿಂದ 17 ಗ್ರಾಂ ಪ್ರೋಟೀನ್, 70ರಿಂದ 83 ಗ್ರಾಂ ನೀರು ಇರುತ್ತದೆ. ಸಿಲ್ಕನ್‌ನಲ್ಲಿ ಪ್ರೋಟೀನ್ 5ರಿಂದ 7 ಗ್ರಾಂ ಮಾತ್ರ, ನೀರು 87ರಿಂದ 89.

ಎರಡೂ ಸೋಯಾ ಹಾಲಿನಿಂದಲೇ ಆಗುತ್ತವೆ. ಸಿಲ್ಕನ್ ಅನ್ನು ಮೊಸರಿನ ಹಾಗೆ ಡಬ್ಬಿಯಲ್ಲೇ ಹೆಪ್ಪುಗಟ್ಟಿಸುತ್ತಾರೆ, ನೀರು ಹಿಂಡುವುದಿಲ್ಲ. ಗಟ್ಟಿ ತೋಫುವಿಗೆ ಒಡೆದ ಹಾಲನ್ನು ಬಟ್ಟೆಗೆ ಹಾಕಿ ಭಾರ ಇಡುತ್ತಾರೆ. ಎಷ್ಟು ಒತ್ತಿದರು ಅನ್ನುವುದರ ಮೇಲೆ ಅಂಕಿ ಬದಲಾಗುತ್ತದೆ.

ಒಂದು ಲೆಕ್ಕ ನೋಡಿ. 200 ಗ್ರಾಂ ಪೊಟ್ಟಣದಲ್ಲಿ 28 ಗ್ರಾಂ ಪ್ರೋಟೀನ್ ಇದೆ ಅನ್ನಿ, ಅಂದರೆ 100 ಗ್ರಾಂಗೆ 14. ಪಲ್ಯಕ್ಕೆ ಹಾಕುವ ಮುಂಚೆ ಬಟ್ಟೆಯಲ್ಲಿ ಸುತ್ತಿ ರೊಟ್ಟಿ ಬಡಿಯುವ ಕಲ್ಲು ಹೇರಿದಿರಿ, 30 ಗ್ರಾಂ ನೀರು ಇಳಿಯಿತು. ಉಳಿದ 170 ಗ್ರಾಂನಲ್ಲಿ ಹೆಚ್ಚುಕಡಿಮೆ ಅದೇ 28 ಗ್ರಾಂ. ಈಗ 100 ಗ್ರಾಂಗೆ 16.5 ಆಯಿತು! ಪ್ರೋಟೀನ್ ಏನೂ ಜಾಸ್ತಿಯಾಗಲಿಲ್ಲ, ಅಲ್ವಾ?

ಹಾಗಾಗಿ ಹೆಸರು ಬಿಟ್ಟು ಲೇಬಲ್ ನೋಡಿ. ಲೇಬಲ್ ಇಲ್ಲದ ತುಂಡಾದರೆ ಒತ್ತಿ ನೋಡಿ. ಮೆತ್ತಗಿದ್ದು ನೀರು ಜಿನುಗಿದರೆ 10ರ ಹತ್ತಿರ ಅಂದುಕೊಳ್ಳಬಹುದು.