ಶರ್ಟಿನ ಅಂಚು, ಬೆಲ್ಟಿನ ಬಾಗು

"ಒಂದು ಫೋಟೊದಿಂದ ಶರ್ಟ್, ಇನ್ನೊಂದರಿಂದ ಪ್ಯಾಂಟ್ ತೆಗೆದು ಒಬ್ಬರೇ ತೊಟ್ಟಂತೆ ಮಾಡುತ್ತಿದ್ದೇನೆ. ಎಷ್ಟು ಎಚ್ಚರದಿಂದ ಕತ್ತರಿಸಿದರೂ ಅಂಟಿಸಿದ ಹಾಗೆಯೇ ಕಾಣುತ್ತದೆ. ಅಂಚನ್ನು ಇನ್ನೂ ನಯವಾಗಿ ಕತ್ತರಿಸುವುದು ಹೇಗೆ?"

ನಿಮ್ಮ ತೊಂದರೆ ಅಂಚಿನದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ವಿರಾಜಪೇಟೆಯ ಸ್ಟುಡಿಯೋ ಒಂದರಲ್ಲಿ ಕೆಲಸಕ್ಕಿದ್ದಾಗ, ಅಮ್ಮತ್ತಿ ಕಡೆಯ ಕುಟುಂಬವೊಂದು ತೀರಿಕೊಂಡ ಅಜ್ಜನ ಪೂರ್ಣ ನಿಲುವಿನ ಚಿತ್ರವನ್ನು ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ತೂಗುಹಾಕಲೆಂದು ಕೇಳಿಕೊಂಡು ಬಂದಿತ್ತು. ಮುಖ ಚೆನ್ನಾಗಿ ಬಂದಿದ್ದ ಮದುವೆ ಮಂಟಪದ ಫೋಟೊ ಬೆಲ್ಟಿನ ಸ್ವಲ್ಪ ಕೆಳಗೇ ಮುಗಿದಿತ್ತು. ಕಾಲುಗಳು ಪೂರ್ತಿ ಕಾಣುತ್ತಿದ್ದ ಇನ್ನೊಂದು ಫೋಟೊವನ್ನು ಕಾಫಿ ಕಣದಲ್ಲಿ ನೆಲದ ಮೇಲೆ ಕುಳಿತಿದ್ದ ಮೊಮ್ಮಗ ತೆಗೆದಿದ್ದ.

ನಾನು ಅಂಚುಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಕತ್ತರಿಸಿ, ಬಣ್ಣ ಹೊಂದಿಸಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ ಚೌಕಟ್ಟು ಕಟ್ಟಿಸಿದೆ. ಅಜ್ಜಿ ಅದನ್ನು ನೋಡಿದ ಕೂಡಲೇ, "ಇವರು ಯಾಕೆ ಹಿಂದಕ್ಕೆ ವಾಲಿ ನಿಂತಿದ್ದಾರೆ?" ಎಂದು ಕೇಳಿದರು. ಪ್ರಿಂಟು, ಚೌಕಟ್ಟು ಎರಡರ ಖರ್ಚೂ ನನ್ನ ಸಂಬಳದಿಂದ ಹೋಯಿತು.

ಕಾರಣವನ್ನು ವಿವರವಾಗಿಯೇ ಹೇಳುತ್ತೇನೆ. ಮೈಯನ್ನು ಸುತ್ತಿಕೊಂಡಿರುವ ಬೆಲ್ಟು, ತೋಳಿನ ಅಂಚು, ಪ್ಯಾಂಟಿನ ಕಾಲಂಚು ಇವೆಲ್ಲ ಬಳೆಯಂತಹ ಸುತ್ತುಗಳು. ಕ್ಯಾಮೆರಾದ ಮಟ್ಟಕ್ಕಿಂತ ಕೆಳಗಿರುವ ಸುತ್ತಿನ ಮುಂಭಾಗ ಚಿತ್ರದಲ್ಲಿ ಕೆಳಕ್ಕೆ ಜೋತಂತೆ ಬಾಗುತ್ತದೆ, ಮೇಲಿರುವುದು ಕಮಾನಿನಂತೆ ಮೇಲಕ್ಕೆ ಬಾಗುತ್ತದೆ, ಸರಿಸಮವಾಗಿರುವುದು ನೇರ ಗೆರೆಯಾಗಿ ಕಾಣುತ್ತದೆ. ಮಂಟಪದ ಫೋಟೊವನ್ನು ನಿಂತುಕೊಂಡು ತೆಗೆದಿದ್ದರಿಂದ ಅಲ್ಲಿ ಬೆಲ್ಟು ಕೆಳಕ್ಕೆ ಬಾಗಿತ್ತು. ಕಣದ ಫೋಟೊದಲ್ಲಿ ಅದೇ ಬೆಲ್ಟು ಕಮಾನಾಗಿತ್ತು. ನಾನು Warp ಬಳಸಿ ಆ ಕಮಾನನ್ನು ಎಳೆದು ಸರಿಪಡಿಸಿದೆ, ಆದರೆ ಕೆಳಗಿನ ಭಾಗವೆಲ್ಲ ನೆಲಮಟ್ಟದ ನೋಟದಲ್ಲಿಯೇ ಉಳಿಯಿತು. ಶೂಗಳ ಮೇಲ್ಭಾಗ ಕಾಣುವ ಬದಲು ಅವುಗಳ ಮೂತಿ ಮಾತ್ರ ಕಾಣುತ್ತಿತ್ತು, ಕಾಲುಗಳು ಮೇಲಕ್ಕೆ ಹೋದಂತೆ ಸಣ್ಣದಾಗುತ್ತಿದ್ದವು. ಇಂತಹ ನೋಟವನ್ನು ಎಳೆದು ಬಾಗಿಸುವ ಯಾವ ಟೂಲಿನಿಂದಲೂ ಬದಲಾಯಿಸಲಾಗದು, ಏಕೆಂದರೆ ಶೂವಿನ ಮೇಲ್ಭಾಗ ಆ ಫೋಟೊದಲ್ಲಿ ಇಲ್ಲವೇ ಇಲ್ಲ.

ಆದ್ದರಿಂದ ಕತ್ತರಿಸುವ ಮೊದಲು ಶರ್ಟಿನ ಫೋಟೊದಲ್ಲಿ ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು ಎಂಬುದನ್ನು ಕಂಡುಕೊಳ್ಳಿ. ವಯಸ್ಸಾದವರ ಬೆಲ್ಟು ಹೊಟ್ಟೆಯ ಕೆಳಗೆ ನಿಜವಾಗಿಯೂ ಇಳಿದಿರುತ್ತದೆ, ಅದೊಂದನ್ನೇ ನಂಬಬೇಡಿ. ಅಜ್ಜನ ಅರ್ಧ ತೋಳಿನ ಅಂಚು ಬಹುತೇಕ ನೇರವಾಗಿತ್ತು, ಅಂದರೆ ಕ್ಯಾಮೆರಾ ಎದೆಯ ಮಟ್ಟದಲ್ಲಿತ್ತು. ಮತ್ತೆ ಮಾಡಲು ಹೊರಟಾಗ ಅದೃಷ್ಟಕ್ಕೆ ಅಜ್ಜನ ಪ್ಯಾಂಟು ಇನ್ನೂ ಬೀರುವಿನಲ್ಲಿತ್ತು, ಮಗನ ಮೈಕಟ್ಟೂ ಅಪ್ಪನದೇ ಆಗಿತ್ತು. ಅವರಿಗೆ ಅದನ್ನು ತೊಡಿಸಿ, ಸಂಜೆ ಜಗಲಿಯಲ್ಲಿ ನಿಲ್ಲಿಸಿ, ಎದೆಯ ಎತ್ತರದಿಂದ, ಮಂಟಪದಲ್ಲಿದ್ದಂತೆಯೇ ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಹಾಕಿ ತೆಗೆದೆ. ಹತ್ತಿರದಿಂದ ತೆಗೆದಷ್ಟೂ ಬೆಲ್ಟಿನ ಬಾಗು ಹೆಚ್ಚುತ್ತದೆ, ಹಿಂದೆ ಸರಿದಷ್ಟೂ ಕಡಿಮೆಯಾಗುತ್ತದೆ. ಅಜ್ಜನ ಬೆಲ್ಟಿನಷ್ಟೇ ಬಾಗು ಕಾಣುವವರೆಗೆ ಸರಿದು ದೂರವನ್ನು ಗೊತ್ತುಮಾಡಿಕೊಂಡೆ. ಅಜ್ಜನ ಒಂದು ಭುಜ ಇಳಿದಿದ್ದುದರಿಂದ ಮಗನೂ ಭಾರವನ್ನು ಅದೇ ಕಡೆಯ ಕಾಲಿನ ಮೇಲೆ ಹಾಕಿ ನಿಲ್ಲಬೇಕಾಯಿತು. ಹೀಗೆ ನಿಂತಾಗ ಭಾರ ಹೊತ್ತ ಕಡೆಯ ಸೊಂಟ ಏರುತ್ತದೆ, ಭುಜ ಇಳಿಯುತ್ತದೆ. ಇದು ಹೊಂದದಿದ್ದರೆ ಫೋಟೊವನ್ನು ಎಡಬಲ ತಿರುಗಿಸಿ ಜೋಡಿಸೋಣವೆಂದು ತೋರಬಹುದು, ಆದರೆ ಗಂಡಸರ ಪ್ಯಾಂಟಿನ ಜಿಪ್ಪಿನ ಪಟ್ಟಿ ಸಾಮಾನ್ಯವಾಗಿ ತೊಟ್ಟವರ ಎಡದಿಂದ ಬಲಕ್ಕೆ ಮುಚ್ಚುವುದರಿಂದ ಗಮನಿಸುವ ಕಣ್ಣಿಗೆ ಅದು ಸಿಕ್ಕಿಬೀಳುತ್ತದೆ.

ಇಷ್ಟಾದ ಮೇಲೆ ಜೋಡಣೆ ಸುಲಭ. ಬೆಲ್ಟನ್ನು ಶರ್ಟಿನ ಫೋಟೊದಿಂದಲೇ ಉಳಿಸಿಕೊಂಡು, ಜೋಡುಗೆರೆಯನ್ನು ಬೆಲ್ಟಿನ ಕೆಳ ಅಂಚಿಗೆ ತನ್ನಿ. ಬೆಲ್ಟಿನ ಮೇಲೆ ಉಬ್ಬಿ ಇಳಿದ ಶರ್ಟಿನ ಮಡಿಕೆಗಳನ್ನು ಎಂದಿಗೂ ಕತ್ತರಿಸಬೇಡಿ. ಬೆಲ್ಟಿನ ಕೆಳಗೆ Multiply ಪದರದಲ್ಲಿ ಪ್ಯಾಂಟಿನದೇ ಗಾಢ ಬಣ್ಣದಿಂದ ಒಂದು ತೆಳು, ಬಿಗಿಯಾದ ನೆರಳನ್ನೂ ಅದರಾಚೆ ಮಸುಕಾದ ಇನ್ನೊಂದನ್ನೂ ಹಾಕಿ. ಕೊನೆಗೆ, ಹೆಚ್ಚು ಸ್ಪಷ್ಟವಾಗಿರುವ ಫೋಟೊವನ್ನು ಇನ್ನೊಂದರ ಮಟ್ಟಕ್ಕೆ ಇಳಿಸಿ, ಅದಕ್ಕೂ ಇನ್ನೊಂದರಲ್ಲಿರುವಷ್ಟೇ ಒರಟು ಚುಕ್ಕೆಗಳನ್ನು, ಅಂದರೆ grain ಅನ್ನು, ಸೇರಿಸಿ. ಮಸುಕಾದದ್ದನ್ನು ಚೂಪು ಮಾಡಲು ಹೋಗಬೇಡಿ.

ಹೊಸದಾಗಿ ತೆಗೆಯಲು ಸಾಧ್ಯವಿಲ್ಲದಿದ್ದರೆ, ಇರುವ ಪ್ಯಾಂಟಿನ ಫೋಟೊಗಳಲ್ಲಿ ಬಣ್ಣ ಹೊಂದುವುದನ್ನು ಬಿಟ್ಟು ಬಾಗು ಹೊಂದುವುದನ್ನು ಆರಿಸಿ, ಬಣ್ಣವನ್ನು ಆಮೇಲೆ ಬದಲಾಯಿಸಬಹುದು. ಯಾವುದೂ ಹೊಂದದಿದ್ದರೆ ಚಿತ್ರವನ್ನು ತೊಡೆಯ ನಡುವಿಗೇ ನಿಲ್ಲಿಸಿ. ಅಷ್ಟು ಸ್ವಲ್ಪ ಭಾಗಕ್ಕೆ Warp ಸಾಕಾಗುತ್ತದೆ, ಶೂಗಳ ಪ್ರಶ್ನೆಯೂ ಏಳುವುದಿಲ್ಲ.