ದೆಹಲಿ ಕಾಯ್ದೆ ಪ್ರಕರಣ: ಎರಡು ಎಂಸಿಕ್ಯೂ

"ಬೆಳಗಾವ್ಯಾಗ ಎಲ್‌ಎಲ್‌ಬಿ ಓದಾಕತ್ತೀನ್ರಿ. ಡೆಲಿಗೇಟೆಡ್ ಲೆಜಿಸ್ಲೇಶನ್ ಎಂಸಿಕ್ಯೂದಾಗ ದೆಹಲಿ ಕಾಯ್ದೆ ಪ್ರಕರಣ ಪ್ರತಿ ಸಲ ತಪ್ಪತೈತಿ. ಒಂದೆರಡು ಪ್ರಶ್ನೆ ಕೊಡ್ರಿ."

ಇವನ್ನ ಮಾಡಿ ನೋಡ್ರಿ.

1. ಈ ಪ್ರಕರಣದಾಗ ಸುಪ್ರೀಂ ಕೋರ್ಟ್ 1951ರಾಗ ಕೊಟ್ಟ ಅಭಿಪ್ರಾಯದಾಗ, 1950ರ ಸಿ ಭಾಗದ ರಾಜ್ಯಗಳ ಕಾಯ್ದೆಯ 2ನೇ ಕಲಂ ಏನಾತು?
ಅ) ಪೂರ್ತಿ ಸಿಂಧು
ಆ) ಪೂರ್ತಿ ಅಸಿಂಧು
ಇ) ಒಂದು ಭಾಗ ಅಸಿಂಧು

ಉತ್ತರ ಇ. ಬೇರೆ ರಾಜ್ಯದ ಕಾಯ್ದೆಯನ್ನ ಮಾರ್ಪಾಡಿನೊಂದಿಗೆ, ಕೇಂದ್ರದ ಆಡಳಿತದಾಗಿದ್ದ ಸಿ ಭಾಗದ ರಾಜ್ಯಕ್ಕ ವಿಸ್ತರಿಸೋ ಅಧಿಕಾರ ಉಳೀತು. ಅಲ್ಲಿ ಮೊದಲೇ ಇದ್ದ ಕಾಯ್ದೆ ರದ್ದು ಮಾಡೋ ಅಧಿಕಾರ ಬಿತ್ತು. ರದ್ದತಿ ಶಾಸಕಾಂಗದ ಮೂಲ ಕೆಲಸ, ಅದನ್ನ ಸರ್ಕಾರದ ಕೈಗೆ ಕೊಡಂಗಿಲ್ಲ. ಎರಡೂ ಒಂದೇ ಕಲಂನಾಗ ಇರೋದರಿಂದನ ಬಹಳ ಮಂದಿ 'ಅ' ಒತ್ತತಾರ.

2. ಆ 'ಮಾರ್ಪಾಡಿನ' ಮಿತಿ?
ಅ) ಕಾಯ್ದೆಯ ನೀತಿ ಬದಲಿಸಬಹುದು
ಆ) ನೀತಿ ಬದಲಿಸುವಂತಿಲ್ಲ

ಉತ್ತರ ಆ. ಸ್ಥಳೀಯ ಪರಿಸ್ಥಿತಿಗೆ ಹೊಂದಿಸೋ ಸಣ್ಣ ಬದಲಾವಣೆ ಅಷ್ಟ.