ಗ್ಲಾಸಿನ ಲೆಕ್ಕ ಸರಿ, ಸಮುದ್ರದ ಲೆಕ್ಕ ಬೇರೆ

ಸಂಪಾದಕರಿಗೆ ನಮಸ್ಕಾರ. ಗ್ಲಾಸಿನ ನೀರಿಗೆ ಐಸ್ ತುಂಡು ಹಾಕಿ, ನೀರು ನಿಂತ ಕಡೆ ಗುರುತು ಮಾಡಿಟ್ಟೆ. ಐಸ್ ಪೂರ್ತಿ ಕರಗಿದರೂ ನೀರು ಗುರುತು ದಾಟಲಿಲ್ಲ. ಹಾಗಿದ್ದ ಮೇಲೆ ಧ್ರುವದ ಐಸ್ ಕರಗಿದರೆ ಸಮುದ್ರ ಏಕೆ ಏರಬೇಕು? ಏರಿದರೂ ವರ್ಷಕ್ಕೆ ಮೂರು-ನಾಲ್ಕು ಮಿಲಿಮೀಟರ್ ಅಂತೀರಿ. ನೂರು ವರ್ಷಕ್ಕೆ ಒಂದಡಿ ಆಯ್ತು. ಅಷ್ಟಕ್ಕೇ ಊರುಗಳು ಮುಳುಗುತ್ತವಾ?
— ಓದುಗರೊಬ್ಬರು

ನಮಸ್ಕಾರ. ನೀವು ಮಾಡಿದ ಪ್ರಯೋಗ ಸರಿಯಾಗಿದೆ, ನೋಡಿದ್ದೂ ಸರಿ. ತೇಲುವ ಐಸ್ ತನ್ನ ತೂಕದಷ್ಟು ನೀರನ್ನು ಆಗಲೇ ಪಕ್ಕಕ್ಕೆ ತಳ್ಳಿರುತ್ತದೆ. ಕರಗಿದಾಗ ಆ ಜಾಗವನ್ನೇ ತುಂಬುತ್ತದೆ, ಅಷ್ಟೆ. ಸಮುದ್ರದ ನೀರು ಉಪ್ಪಾಗಿರುವುದರಿಂದ ಒಂಚೂರು ವ್ಯತ್ಯಾಸ ಬರುತ್ತದೆ, ಆದರೆ ಅದು ಲೆಕ್ಕಕ್ಕೆ ಸಿಗುವಷ್ಟಿಲ್ಲ. ಉತ್ತರ ಧ್ರುವದ ಸಮುದ್ರದ ಮೇಲಿನ ಐಸ್ ಇಡೀ ಕರಗಿದರೂ ಅದರಿಂದ ನೇರವಾಗಿ ನೀರು ಏರುವುದಿಲ್ಲ ಎನ್ನಬಹುದು.

ಏರಿಸುವುದು ನೆಲದ ಮೇಲೆ ಕೂತಿರುವ ಐಸ್. ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾ, ಪರ್ವತಗಳ ಹಿಮನದಿಗಳು. ಈ ಐಸ್ ಇನ್ನೂ ಗ್ಲಾಸಿನ ಹೊರಗಿದೆ. ಸಮುದ್ರ 1 ಮಿಲಿಮೀಟರ್ ಏರಬೇಕಾದರೆ ಸುಮಾರು 36,000 ಕೋಟಿ ಟನ್ ನೀರು ಹೊಸದಾಗಿ ಬಂದು ಸೇರಬೇಕು. ಸಮುದ್ರ ಅಷ್ಟು ಅಗಲ. ಗ್ರೀನ್‌ಲ್ಯಾಂಡ್ ಒಂದರಿಂದಲೇ ಇತ್ತೀಚಿನ ದಶಕಗಳಲ್ಲಿ ಹೆಚ್ಚೂಕಮ್ಮಿ ಇದರ ಮುಕ್ಕಾಲು ಭಾಗದಷ್ಟು ವರ್ಷವರ್ಷವೂ ಹೋಗುತ್ತಿದೆ.

ತೇಲುವ ಐಸಿಗೆ ಇಲ್ಲಿ ಇನ್ನೊಂದು ಪಾತ್ರವಿದೆ, ನಿಮ್ಮ ಗ್ಲಾಸಿನಲ್ಲಿ ಅದು ಕಾಣುವುದಿಲ್ಲ. ಅಂಟಾರ್ಕ್ಟಿಕಾದ ಅಂಚಿನಲ್ಲಿ ಹಿಮನದಿಗಳು ಸಮುದ್ರಕ್ಕಿಳಿದು ದಪ್ಪ ಚಪ್ಪಡಿಗಳಾಗಿ ತೇಲುತ್ತವೆ. ಅವು ಹಿಂದಿನ ಐಸನ್ನು ತಡೆದು ನಿಲ್ಲಿಸುತ್ತವೆ. 2002ರಲ್ಲಿ ಲಾರ್ಸೆನ್ ಬಿ ಎಂಬ ಚಪ್ಪಡಿ ಕೆಲವೇ ವಾರಗಳಲ್ಲಿ ಪುಡಿಯಾಯಿತು. ಅದರಿಂದಲೇ ನೀರೇನೂ ಏರಲಿಲ್ಲ. ಆದರೆ ಅದರ ಹಿಂದಿದ್ದ ಹಿಮನದಿಗಳು ಮೊದಲಿಗಿಂತ ಹಲವು ಪಟ್ಟು ಜೋರಾಗಿ ಸಮುದ್ರಕ್ಕೆ ಜಾರತೊಡಗಿದವು. ಆ ಐಸ್ ಮಾತ್ರ ನೆಲದ್ದು.

ಇನ್ನು ಐಸಿಗೆ ಸಂಬಂಧವೇ ಇಲ್ಲದ ಕಾರಣಕ್ಕೆ ಬರೋಣ. ನೀರು ಬಿಸಿಯಾದರೆ ಹಿಗ್ಗುತ್ತದೆ. ಭೂಮಿಯಲ್ಲಿ ಸೇರುತ್ತಿರುವ ಹೆಚ್ಚುವರಿ ಶಾಖದಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಸಮುದ್ರಕ್ಕೇ ಹೋಗುತ್ತಿದೆ. ನಾಲ್ಕು ಡಿಗ್ರಿವರೆಗೆ ನೀರು ಕುಗ್ಗುತ್ತದೆ, ಆಮೇಲೆ ಹಿಗ್ಗುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ ಅಲ್ವಾ? ಅದು ಸಿಹಿನೀರಿನ ವಿಷಯ. ಸಮುದ್ರದ ನೀರು ತಣ್ಣಗಿದ್ದಾಗಲೂ, ಬಿಸಿಯಾದಂತೆ ಹಿಗ್ಗುತ್ತಲೇ ಹೋಗುತ್ತದೆ. ಹಿಗ್ಗುವ ಪ್ರಮಾಣ ಮಾತ್ರ ಬೇರೆ ಬೇರೆ. 25 ಡಿಗ್ರಿ ಇರುವ ನೀರು ಇನ್ನೊಂದು ಡಿಗ್ರಿ ಏರಿದರೆ ಹತ್ತು ಸಾವಿರಕ್ಕೆ ಸುಮಾರು 3 ಭಾಗ ಹಿಗ್ಗುತ್ತದೆ. ಹೆಪ್ಪುಗಟ್ಟುವ ಹಂತದ ಹತ್ತಿರ ಇರುವ ಮೇಲ್ಮೈ ನೀರು 1 ಭಾಗವೂ ಹಿಗ್ಗುವುದಿಲ್ಲ.

ಹತ್ತು ಸಾವಿರಕ್ಕೆ ಎರಡೋ ಮೂರೋ ಅಂದರೆ ಏನು ಮಹಾ ಅನಿಸುತ್ತದೆ. ಆದರೆ ಸಮುದ್ರದ ಆಳ ನೋಡಿ. ಮೇಲಿನ 700 ಮೀಟರ್ ನೀರು ಸರಾಸರಿ 1 ಡಿಗ್ರಿ ಬಿಸಿಯಾಯಿತು ಅಂದುಕೊಳ್ಳಿ. ಹತ್ತು ಸಾವಿರಕ್ಕೆ 2 ಭಾಗದ ಲೆಕ್ಕ ಹಿಡಿದರೆ 14 ಸೆಂಟಿಮೀಟರ್ ಹಿಗ್ಗಬೇಕು. ಪಕ್ಕಕ್ಕೆ ಹೋಗಲು ಜಾಗವಿಲ್ಲ. ಅಷ್ಟೂ ಮೇಲಕ್ಕೇ ಏರುತ್ತದೆ.

2006ರಿಂದ 2018ರವರೆಗೆ ಸಮುದ್ರ ವರ್ಷಕ್ಕೆ ಸರಾಸರಿ 3.7 ಮಿಲಿಮೀಟರ್ ಏರಿತು. ಅದರಲ್ಲಿ ಹಿಗ್ಗಿದ್ದರ ಪಾಲು ಸುಮಾರು 1.4. ನೆಲದ ಐಸಿನ ಪಾಲು ಎಲ್ಲ ಸೇರಿ ಸುಮಾರು 1.6. ಉಳಿದದ್ದರಲ್ಲಿ ಹೆಚ್ಚಿನದು ನೆಲದ ಮೇಲಿನ ಮತ್ತು ಒಳಗಿನ ನೀರಿನ ಏರುಪೇರಿನದು. ನಾವು ಎತ್ತುವ ಅಂತರ್ಜಲವೂ ಕೊನೆಗೆ ಸೇರುವುದು ಸಮುದ್ರವನ್ನೇ. ಇವನ್ನು ಸುಮ್ನೆ ಅಂದಾಜಿಗೆ ಹೇಳುತ್ತಿಲ್ಲ. ನೀರಿನ ಮಟ್ಟವನ್ನು ಉಪಗ್ರಹಗಳು ಅಳೆಯುತ್ತವೆ. ಆರ್ಗೋ ಎಂಬ ತೇಲುಯಂತ್ರಗಳು 2,000 ಮೀಟರ್ ಆಳದವರೆಗೆ ಇಳಿದು ನೀರು ಎಷ್ಟು ಬಿಸಿ ಎಂದು ನೋಡಿ ಬರುತ್ತವೆ. 2002ರಲ್ಲಿ ಹಾರಿದ ಗ್ರೇಸ್ ಎಂಬ ಜೋಡಿ ಉಪಗ್ರಹಗಳು, ಈಗ ಅವುಗಳ ಜಾಗಕ್ಕೆ ಬಂದಿರುವ ಉಪಗ್ರಹಗಳು, ಗುರುತ್ವದ ಬದಲಾವಣೆ ಹಿಡಿದು ಐಸಿನ ತೂಕ ಎಷ್ಟು ಇಳಿಯಿತು ಎಂದು ತಿಳಿಸುತ್ತವೆ. ಹಿಗ್ಗಿದ್ದು ಮತ್ತು ಹೊಸದಾಗಿ ಸೇರಿದ್ದು ಎರಡನ್ನೂ ಕೂಡಿದರೆ ಉಪಗ್ರಹ ಅಳೆದ ಮಟ್ಟಕ್ಕೆ ಹೆಚ್ಚೂಕಮ್ಮಿ ತಾಳೆಯಾಗುತ್ತದೆ.

ನಿಮ್ಮ ಒಂದಡಿಯ ಲೆಕ್ಕದಲ್ಲಿ ಒಂದು ತೊಡಕಿದೆ. ವೇಗ ಹೀಗೇ ಇರುತ್ತದೆ ಅಂತ ಹಿಡಿದಿದ್ದೀರಿ. 1901ರಿಂದ 1971ರವರೆಗಿನ ಸರಾಸರಿ ವರ್ಷಕ್ಕೆ 1.3 ಮಿಲಿಮೀಟರ್. ಈಗಿನದು ಅದರ ಸುಮಾರು ಮೂರು ಪಟ್ಟು. ಆದರೂ ಒಂದಡಿಯೇ ಇರಲಿ, ವೆನಿಸ್‌ನಲ್ಲಿ ಅದು ಏನು ಮಾಡಿತು ಎಂದು ನೋಡೋಣ.

ವೆನಿಸ್‌ನವರು ಉಬ್ಬರವನ್ನು 1897ರ ಹೊತ್ತಿನ ಸರಾಸರಿ ಮಟ್ಟದಿಂದ ಅಳೆಯುತ್ತಾರೆ. ಅದೇ ಅವರ ಸೊನ್ನೆ. ಸೇಂಟ್ ಮಾರ್ಕ್ಸ್ ಚೌಕದ ತಗ್ಗು ಜಾಗಗಳಿಗೆ ನೀರು ಬರಲು ಶುರುವಾಗುವುದು ಆ ಸೊನ್ನೆಗಿಂತ ಸುಮಾರು 80 ಸೆಂಟಿಮೀಟರ್ ಮೇಲೆ. ಅಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಉಬ್ಬರ ಸರಾಸರಿ ಮಟ್ಟದ ಮೇಲೆ ಸುಮಾರು 50 ಸೆಂಟಿಮೀಟರ್ ಏರುತ್ತದೆ. ಅಂದರೆ ಆಗ ಇನ್ನೂ 30 ಸೆಂಟಿಮೀಟರ್ ಬಾಕಿ ಇತ್ತು. ದಕ್ಷಿಣದ ಗಾಳಿ ಜೋರಾಗಿ ಬೀಸಿ ನೀರನ್ನು ಒಳಗೆ ತಳ್ಳಿದರೆ ಮಾತ್ರ ಚೌಕ ಒದ್ದೆಯಾಗುತ್ತಿತ್ತು.

ಅಂದಿನಿಂದ ಅಲ್ಲಿ ಸರಾಸರಿ ಮಟ್ಟ 30 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿಯೇ ಏರಿದೆ. ಸರಿಸುಮಾರು ನೀವು ಹೇಳಿದ ಒಂದಡಿ. ಇದರಲ್ಲಿ ಸಮುದ್ರ ಏರಿದ್ದು ಒಂದು ಪಾಲು, ನೆಲ ಕುಸಿದದ್ದು ಇನ್ನೊಂದು ಪಾಲು. ನೆಲ ಕುಸಿಯಲು ಒಂದು ಕಾರಣ ಪಕ್ಕದ ಕೈಗಾರಿಕೆಗಳು ಅಂತರ್ಜಲ ಎತ್ತುತ್ತಿದ್ದದ್ದು, ಅದಕ್ಕೆ 1970ರ ದಶಕದಲ್ಲಿ ಕಡಿವಾಣ ಬಿತ್ತು. ಈಗ ಕೂಡಿ ನೋಡಿ: ಮೂವತ್ತಕ್ಕೆ ಐವತ್ತು ಸೇರಿದರೆ ಎಂಬತ್ತು. ಗಾಳಿ ಬೇಕಾಗಿಲ್ಲ, ಮಳೆ ಬೇಕಾಗಿಲ್ಲ. ಒಳ್ಳೆಯ ಉಬ್ಬರ ಬಂದರೆ ಸಾಕು, ಚೌಕದ ಚರಂಡಿಗಳಿಂದಲೇ ನೀರು ಮೇಲೆ ಬರುತ್ತದೆ. ಊರು ಮುಳುಗಿಲ್ಲ, ನಿಜ. ಅಪರೂಪಕ್ಕೆ ಆಗುತ್ತಿದ್ದದ್ದು ವರ್ಷಕ್ಕೆ ಎಷ್ಟೋ ಸಲ ಆಗುವಂತಾಯಿತು. ತೀರದ ಊರುಗಳಿಗೆ ಒಂದಡಿಯ ಅರ್ಥ ಇದು.

ಅದಕ್ಕೇ ಅವರು ಮೋಸೆ ಎಂಬ ಗೇಟುಗಳನ್ನು ಹಾಕಿದರು. ವೆನಿಸ್ ಇರುವ ಹಿನ್ನೀರಿಗೆ ಸಮುದ್ರದ ನೀರು ಬರುವ ಅಳಿವೆಗಳ ತಳದಲ್ಲಿ 78 ಗೇಟುಗಳು ಮಲಗಿರುತ್ತವೆ. ದೊಡ್ಡ ಉಬ್ಬರದ ಮುನ್ಸೂಚನೆ ಬಂದಾಗ ಗಾಳಿ ತುಂಬಿಸಿ ಎಬ್ಬಿಸುತ್ತಾರೆ. 2020ರ ಅಕ್ಟೋಬರ್‌ನಲ್ಲಿ ಮೊದಲ ಸಲ ನಿಜವಾದ ಉಬ್ಬರವನ್ನು ತಡೆದವು. ಕೆಲಸ ಚೆನ್ನಾಗಿಯೇ ಮಾಡುತ್ತಿವೆ. ಆದರೆ ಮುಚ್ಚುವುದು ಸುಮಾರು 110 ಸೆಂಟಿಮೀಟರ್ ದಾಟುವ ಸೂಚನೆ ಇದ್ದಾಗ. 80ರಿಂದ 110ರ ನಡುವಿನ ಉಬ್ಬರಕ್ಕೆ ಚೌಕ ಒದ್ದೆಯಾಗುತ್ತಲೇ ಇರುತ್ತದೆ. ಅಲ್ಲಿನ ಬೆಸಿಲಿಕಾ ಚರ್ಚಿನ ಸುತ್ತ ಬೇರೆಯಾಗಿ ಗಾಜಿನ ತಡೆ ಕಟ್ಟಬೇಕಾಯಿತು.

ಇನ್ನೂ ಬೇಗ ಮುಚ್ಚಬಹುದಲ್ಲ ಅಂತ ಕೇಳಬಹುದು. ಗೇಟು ಎದ್ದಿರುವಷ್ಟು ಹೊತ್ತು ಹಡಗುಗಳ ಓಡಾಟಕ್ಕೆ ತೊಡಕಾಗುತ್ತದೆ. ವೆನಿಸ್‌ನ ಹಳೆಯ ಭಾಗದ ಕೊಳಚೆಯಲ್ಲಿ ಬಹುಪಾಲು ಕಾಲುವೆಗಳಿಗೇ ಸೇರುತ್ತದೆ. ಅದನ್ನು ಹೊರಗೆ ಒಯ್ಯುವುದು ಉಬ್ಬರವಿಳಿತ. ಸರಾಸರಿ ಮಟ್ಟ ಏರಿದಂತೆ 110 ದಾಟುವ ದಿನಗಳೂ ಹೆಚ್ಚುತ್ತವೆ, ಗೇಟು ಮುಚ್ಚಿರುವ ಗಂಟೆಗಳೂ ಹೆಚ್ಚುತ್ತವೆ. ಈ ಶತಮಾನದ ಕೊನೆಗೆ ಜಗತ್ತಿನ ಸರಾಸರಿ ಏರಿಕೆ, ಭೂಮಿಯನ್ನು ಬಿಸಿ ಮಾಡುವ ಹೊಗೆ ಬೇಗ ತಗ್ಗಿದರೆ 30ರಿಂದ 55 ಸೆಂಟಿಮೀಟರ್, ತಗ್ಗದಿದ್ದರೆ 60ರಿಂದ 100 ಎಂಬುದು ಈಗಿನ ಅಂದಾಜು. ಮೊದಲನೆಯದರಲ್ಲಿ ಗೇಟುಗಳನ್ನು ಹೇಗೋ ನಿಭಾಯಿಸಬಹುದು. ಎರಡನೆಯದು ನಿಜವಾದರೆ ಅವು ತೆರೆದಿರುವುದಕ್ಕಿಂತ ಮುಚ್ಚಿರುವುದೇ ಜಾಸ್ತಿಯಾಗಬಹುದು. ಆಗ ಬಂದರನ್ನೂ ಕೊಳಚೆಯನ್ನೂ ಏನು ಮಾಡಬೇಕು ಎಂಬುದನ್ನು ಊರಿನವರು ಬೇರೆಯಾಗಿಯೇ ತೀರ್ಮಾನಿಸಬೇಕಾಗುತ್ತದೆ.
— ಸಂ.